ಕರೆಂಟು ಹೋದ ರಾತ್ರಿ ಏಳದ ಮ್ಯಾಕ್ರೊ: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ನಾಲ್ಕು ನಕ್ಷತ್ರ. ಕಳೆದ ಆಷಾಢದಲ್ಲಿ ಬರೆಯಲು ಕುಳಿತಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ.

ಹೇಳಿದ ಹೊತ್ತಿಗೆ ಫೋನಿನ ಕೆಲಸಗಳನ್ನು ತಾನಾಗಿ ಮಾಡುವ ಈ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಏನೇನು ಮಾಡಬಹುದು ಎಂಬ ಪಟ್ಟಿ ಎಲ್ಲರೂ ನೋಡಿದ್ದೇ. ನಾನು ಇಟ್ಟುಕೊಂಡಿರುವುದು ಮೂರೇ ಮ್ಯಾಕ್ರೊ, ಅಂದರೆ ಒಂದೊಂದು ಹೊತ್ತಿಗೆ ಒಂದೊಂದು ಕೆಲಸದ ಅಪ್ಪಣೆ. ರಾತ್ರಿ ಒಂಬತ್ತೂವರೆಗೆ ಫೋನ್ ಮೌನವಾಗಬೇಕು, ಬೆಳಗ್ಗೆ ಐದೂವರೆಗೆ ಗಂಟೆ ಮರಳಬೇಕು, ಏಳಕ್ಕೆ ಮಳೆ ಎಷ್ಟು ಎಂದು ಕೇಳುವ ಪೆಟ್ಟಿಗೆ ತೆರೆಯಬೇಕು. ಆಲ್ದೂರು ಕಡೆಯ ನಮ್ಮ ತೋಟದಲ್ಲಿ ಅಪ್ಪ ಡೈರಿಯಲ್ಲಿ ಮಳೆ ಬರೆದಿಡುತ್ತಿದ್ದರು, ಇಂಚು ಮತ್ತು ಸೆಂಟುಗಳಲ್ಲಿ. ನಾನು ಕೊಡೆ ಹಿಡಿದು ಹಿತ್ತಲಿಗೆ ಹೋಗಿ, ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, 2.35 ಎಂದು ಒತ್ತುತ್ತೇನೆ. ತಾರೀಕಿನೊಂದಿಗೆ ಅದು ಕಡತಕ್ಕೆ ಸೇರುತ್ತದೆ. ಎರಡನೇ ಲೋಟ ಕಾಫಿ ಅದಾದ ಮೇಲೆಯೇ.

ಮೇ ತಿಂಗಳವರೆಗೆ ಎಲ್ಲ ಸರಿಯಿತ್ತು. ಮಳೆ ಹಿಡಿದ ಮೇಲೆ ವಾರಕ್ಕೆರಡು ದಿನ ಫೋನ್ ಮೌನವಾಗಿಯೇ ಬೆಳಗು ಮಾಡತೊಡಗಿತು. ಒಮ್ಮೆ ರಸ್ತೆಗೆ ಮರ ಬಿದ್ದಿದೆ ಎಂದು ಹೇಳಲು ಮೇಸ್ತ್ರಿ ಆರು ಸಲ ಕರೆ ಮಾಡಿದ್ದರು. ನಾನು ಜೀಪು ತೆಗೆದುಕೊಂಡು ನೇರ ಆ ಮರದ ಬುಡಕ್ಕೇ ಹೋಗಿ ನಿಂತೆ. ಅವರು ನಕ್ಕರು, ನನಗೆ ನಗು ಬರಲಿಲ್ಲ.

ಆ್ಯಪ್‌ನ ದಾಖಲೆ ಪುಟ ತೆರೆದರೆ ಐದೂವರೆಯ ಮ್ಯಾಕ್ರೊ ಓಡಿದ್ದು 6.12ಕ್ಕೆ, ಅಂದರೆ ನಾನು ಫೋನ್ ಕೈಗೆತ್ತಿಕೊಂಡ ಗಳಿಗೆಗೆ. ತಪ್ಪಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುತ್ತಾ ಹೋದೆ. ಅವೆಲ್ಲ ಕರೆಂಟು ಹೋದ ರಾತ್ರಿಗಳು!

ಕಾರಣ ಹಾಸನದಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗ ಹೇಳಿದ. 2015ರ ಆಂಡ್ರಾಯ್ಡ್ 6.0ರಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಚಾರ್ಜಿಗೆ ಹಾಕದ, ಪರದೆ ಆರಿದ ಫೋನ್ ಬಹಳ ಹೊತ್ತು ಅಲುಗಾಡದೆ ಬಿದ್ದಿದ್ದರೆ ಗಾಢ ನಿದ್ದೆಗೆ ಜಾರುತ್ತದೆ. ಹಿನ್ನೆಲೆಯ ಕೆಲಸಗಳು ಓಡಲು ನಡುನಡುವೆ ಮಾತ್ರ ಸ್ವಲ್ಪ ಬಿಡುವು ಕೊಡುತ್ತದೆ. ರಾತ್ರಿ ಕಳೆದಂತೆ ಆ ಬಿಡುವುಗಳ ನಡುವಿನ ಅಂತರ ಹೆಚ್ಚುತ್ತದೆ. ಆ್ಯಪ್‌ಗಳು ತಮ್ಮ ಕೆಲಸಕ್ಕೆ ಒಳಗೊಳಗೇ ಇಟ್ಟುಕೊಳ್ಳುವ ಸಾಮಾನ್ಯ ಅಲಾರಂಗಳು ಆ ಬಿಡುವಿಗಾಗಿ ಕಾಯಬೇಕು. ಚಾರ್ಜಿನಲ್ಲಿರುವ ಫೋನಿಗೆ ಈ ನಿದ್ದೆ ಇಲ್ಲ. ಬೇಸಿಗೆಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿರುತ್ತಿದ್ದರಿಂದ ನನಗೆ ಇದು ತಿಳಿಯಲೇ ಇಲ್ಲ.

ಅವನು ಲ್ಯಾಪ್‌ಟಾಪಿಗೆ ಫೋನ್ ಜೋಡಿಸಿ, ಎರಡು ನಿಮಿಷದ ನಂತರಕ್ಕೆ ಒಂದು ಮ್ಯಾಕ್ರೊ ಇಟ್ಟು, ಪರದೆ ಆರಿಸಿ, ಲ್ಯಾಪ್‌ಟಾಪಿನಿಂದ ಫೋನಿಗೆ ಆದೇಶ ಕಳಿಸುವ adb ಎಂಬ ಸಾಧನದಲ್ಲಿ ಈ ಎರಡು ಸಾಲು ಕೊಟ್ಟ:

```
adb shell dumpsys battery unplug
adb shell dumpsys deviceidle force-idle
```

ಮೊದಲನೆಯ ಸಾಲು ಚಾರ್ಜು ತೆಗೆದಂತೆ ಫೋನನ್ನು ನಂಬಿಸುತ್ತದೆ, ಎರಡನೆಯದು ನಿದ್ದೆಗೆ ತಳ್ಳುತ್ತದೆ. ಐದು ನಿಮಿಷವಾದರೂ ಮ್ಯಾಕ್ರೊ ಓಡಲಿಲ್ಲ. ಊಟದ ಮೇಜಿನ ಮೇಲೆಯೇ ಕಳ್ಳ ಸಿಕ್ಕಿಬಿದ್ದ. ಪರೀಕ್ಷೆ ಮುಗಿದ ಮೇಲೆ ಇವೆರಡನ್ನು ಮರೆಯದೆ ಕೊಡಬೇಕು:

```
adb shell dumpsys deviceidle unforce
adb shell dumpsys battery reset
```

ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಈ ಆ್ಯಪ್‌ಗೆ ನಿರ್ಬಂಧ ತೆಗೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ತೆಗೆದೆ, ಆದರೂ ತಪ್ಪಿತು. ಆ ವಿನಾಯಿತಿಯಿಂದ ಆ್ಯಪ್‌ಗೆ ನಿದ್ದೆಯ ನಡುವೆಯೂ ಇಂಟರ್ನೆಟ್ ಸಿಗುತ್ತದೆ, ಪ್ರೊಸೆಸರನ್ನು ಎಚ್ಚರವಾಗಿ ಇಟ್ಟುಕೊಳ್ಳುವ ಹಕ್ಕೂ ಸಿಗುತ್ತದೆ. ಸಾಮಾನ್ಯ ಅಲಾರಂ ಮಾತ್ರ ಮೊದಲಿನಂತೆಯೇ ಕಾಯುತ್ತದೆ. ನಿಜವಾದ ಮದ್ದು, ಮ್ಯಾಕ್ರೊ ಎಷ್ಟು ಹೊತ್ತಿಗೆ ಓಡಬೇಕೆಂದು ಹೇಳುವ ಸಮಯದ ಟ್ರಿಗರ್‌ನ ಒಳಗೆ ಅಡಗಿದ್ದ, ಅಲಾರಂ ಗಡಿಯಾರದ ದಾರಿಯನ್ನೇ ಬಳಸು ಎಂಬ ಚಿಕ್ಕ ಗುರುತು. ನಮ್ಮನ್ನು ಹಾಸಿಗೆಯಿಂದ ಎಬ್ಬಿಸುವ ಅಲಾರಂ ಇದೆಯಲ್ಲ, ಅದನ್ನು ಡೋಜ್ ತಡೆಯುವುದಿಲ್ಲ, ಅದು ಹೊಡೆಯುವ ಮೊದಲೇ ಫೋನ್ ಎಚ್ಚರವಾಗುತ್ತದೆ. ಆ ಗುರುತು ಹಾಕಿದಂದಿನಿಂದ ಕರೆಂಟು ಇರಲಿ ಬಿಡಲಿ, ಐದೂವರೆ ಎಂದರೆ ಐದೂವರೆ. ಇದನ್ನು ಮೊದಲ ಪುಟದಲ್ಲೇ ಹೇಳಬಾರದಿತ್ತೇ? ಒಂದು ನಕ್ಷತ್ರ ಹೋದದ್ದು ಇದಕ್ಕೇ.

ಆಗಸ್ಟಿನಲ್ಲಿ ಮತ್ತೆ ಎರಡು ದಿನ ತಪ್ಪಿತು. ಈ ಸಲ ದಾಖಲೆಯಲ್ಲಿ ತಡವಾದ ಸಾಲು ಇರಲಿಲ್ಲ, ಸಾಲೇ ಇರಲಿಲ್ಲ. ತಡವಾಗಿದ್ದರೆ ಆ್ಯಪ್ ಮಲಗಿತ್ತು ಎಂದರ್ಥ, ಖಾಲಿಯಿದ್ದರೆ ಅದನ್ನು ಯಾರೋ ಕೊಂದಿದ್ದಾರೆ. ಇಲ್ಲಿ ಕೊಂದದ್ದು ಫೋನ್ ತಯಾರಿಸಿದವರು. ತೆರೆದ ಆ್ಯಪ್‌ಗಳನ್ನೆಲ್ಲ ಒಂದೇ ಏಟಿಗೆ ಮುಚ್ಚುವ ಗುಂಡಿ ನನ್ನ ಫೋನಿನಲ್ಲಿ ಅವುಗಳನ್ನು ಬಲವಂತವಾಗಿ ನಿಲ್ಲಿಸಿಬಿಡುತ್ತದೆ. ಹಾಗೆ ನಿಂತ ಆ್ಯಪ್‌ನ ಅಲಾರಂಗಳೂ ಅಳಿಸಿಹೋಗುತ್ತವೆ, ನಾವೇ ತೆರೆಯುವವರೆಗೆ ಅದು ಏಳುವುದಿಲ್ಲ. ಮಲಗುವ ಮುನ್ನ ಆ ಗುಂಡಿ ಒತ್ತುವುದು ನನ್ನ ಚಟ. ಈಗ ಆ ಪಟ್ಟಿಯಲ್ಲಿ ಆ್ಯಪ್‌ಗೆ ಬೀಗದ ಗುರುತು ಹಾಕಿದ್ದೇನೆ, ತಾನಾಗಿ ಆರಂಭವಾಗಲು ಅನುಮತಿಯನ್ನೂ ಕೊಟ್ಟಿದ್ದೇನೆ. ಬೇರೆ ಬೇರೆ ಕಂಪನಿಗಳ ಫೋನಿನಲ್ಲಿ ಈ ಸೆಟ್ಟಿಂಗ್‌ಗಳು ಎಲ್ಲಿರುತ್ತವೆ ಎಂಬುದು dontkillmyapp.com ತಾಣದಲ್ಲಿದೆ.

ಹೊಸ ಕಿರಿಕಿರಿ ಒಂದೇ. ಪರದೆಯ ಮೇಲ್ತುದಿಯಲ್ಲಿ ಗಡಿಯಾರದ ಚಿಹ್ನೆ ಹಗಲಿರುಳೂ ಕೂತಿರುತ್ತದೆ. ಅದನ್ನು ಕಂಡಾಗಲೆಲ್ಲ ಮನೆಯವಳು ಕೇಳುತ್ತಾಳೆ: "ಏಳುವುದು ಹೇಗೂ ಎಂಟಕ್ಕೆ, ಯಾರಿಗಾಗಿ ಅಲಾರಂ ಇಟ್ಟಿದ್ದೀರಿ?" ಏಳಕ್ಕೇ ಎದ್ದು ಮಳೆ ಅಳೆದಿರುತ್ತೇನೆ ಎನ್ನಲು ಕಡತ ತೆರೆದು ತೋರಿಸಬೇಕಾಗುತ್ತದೆ.