ವಾರದ ಪುಟ್ ಕೊಡಿಸಿ ‘ಹೆಡ್ಜ್ ಆಯ್ತು ಸರ್’ ಅನ್ನುವವರಿದ್ದಾರೆ, ಎಚ್ಚರ

ನನ್ನ ಭಾವ ನಿವೃತ್ತರು. ಇಪ್ಪತ್ತು ವರ್ಷ ಒಂದೊಂದಾಗಿ ಕೂಡಿಸಿಟ್ಟ ಷೇರುಗಳು 2025ರ ಜನವರಿ ಆರಂಭದಲ್ಲಿ 48 ಲಕ್ಷ ಬೆಲೆಬಾಳುತ್ತಿದ್ದವು. ಸುಮಾರು ಅರ್ಧ ದೊಡ್ಡ ಕಂಪನಿಗಳು, ಇನ್ನರ್ಧ ಸ್ಮಾಲ್‌ಕ್ಯಾಪ್. ಹಿಂದಿನ ಅಕ್ಟೋಬರ್‌ನಿಂದ ಮಾರುಕಟ್ಟೆ ಜಾರುತ್ತಿದ್ದುದನ್ನು ನೋಡಿ ಅವರಿಗೆ ಅಳುಕಿತ್ತು, ಆದರೆ ಮಾರಲು ಮನಸ್ಸಿರಲಿಲ್ಲ. ಆಗ ಅವರ ಬ್ರೋಕರ್ ಕಡೆಯ ರಿಲೇಷನ್‌ಶಿಪ್ ಮ್ಯಾನೇಜರ್ ಹೇಳಿದ್ದು: "ಮಾರೋದು ಯಾಕೆ ಸರ್? ನಿಫ್ಟಿ ಪುಟ್ ತಗೊಳ್ಳಿ. ವಾರಕ್ಕೆ ಮೂರು ಸಾವಿರ ಖರ್ಚು, ಇಡೀ ಪೋರ್ಟ್‌ಫೋಲಿಯೊ ಸೇಫ್." ಪುಟ್ ಅಂದರೆ ನಿಫ್ಟಿ ಒಂದು ಗೊತ್ತಾದ ಮಟ್ಟಕ್ಕಿಂತ ಕೆಳಗೆ ಬಿದ್ದರೆ ಬಿದ್ದಷ್ಟಕ್ಕೆ ಹಣ ಕೊಡುವ ಒಪ್ಪಂದ. ಆ ಮಟ್ಟ ಸ್ಟ್ರೈಕ್, ಒಪ್ಪಂದ ಮುಗಿಯುವ ದಿನ ಎಕ್ಸ್‌ಪೈರಿ, ಕೊಳ್ಳಲು ಕೊಡುವ ಬೆಲೆ ಪ್ರೀಮಿಯಂ. ಹೀಗೆ ಷೇರಿನ ನಷ್ಟಕ್ಕೆ ಕಟ್ಟುವ ರಕ್ಷಣೆಯೇ ಹೆಡ್ಜ್.

ಫೆಬ್ರವರಿ ಕೊನೆಗೆ ಪೋರ್ಟ್‌ಫೋಲಿಯೊ ನಲವತ್ತೂವರೆ ಲಕ್ಷಕ್ಕೆ ಇಳಿದಿತ್ತು. ಪುಟ್‌ಗಳಿಂದ ಬಂದದ್ದು ಸೊನ್ನೆ. ಹೀಗಾದದ್ದು ಹೇಗೆ ಅಂತ ಆ ಮ್ಯಾನೇಜರ್ ಕಳಿಸಿದ್ದ ಎಕ್ಸೆಲ್ ಶೀಟನ್ನೂ ಆರ್ಡರ್ ಪಟ್ಟಿಯನ್ನೂ ಮುಂದಿಟ್ಟುಕೊಂಡು ಕೂತೆ. ಇದೇ ಮಾತು ಹೇಳಿ ಇನ್ನೂ ಎಷ್ಟೋ ಮನೆಗಳಲ್ಲಿ ಇದನ್ನು ಮಾರುತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಕ್ಸ್‌ಪೈರಿ ನೋಡಿ, ಏಕೆಂದರೆ ದೊಡ್ಡ ಎಡವಟ್ಟು ಅಲ್ಲೇ. ಪ್ರತಿ ಗುರುವಾರ (ಆಗ ನಿಫ್ಟಿ ಎಕ್ಸ್‌ಪೈರಿ ಗುರುವಾರವಿತ್ತು) ಹಳೆಯ ಪುಟ್ ಮುಗಿಯುವ ಹೊತ್ತಿಗೆ ಮುಂದಿನ ವಾರದ್ದನ್ನು, ಆವತ್ತಿನ ನಿಫ್ಟಿಗಿಂತ 3% ಕೆಳಗಿನ ಸ್ಟ್ರೈಕ್‌ನಲ್ಲಿ ಕೊಡಿಸುತ್ತಿದ್ದರು. ಜನವರಿ 2ರಂದು ನಿಫ್ಟಿ 24,188ರಲ್ಲಿ ಮುಗಿಯಿತು, ಕೊಂಡದ್ದು 23,450ರ ಪುಟ್. ಜನವರಿ 9ಕ್ಕೆ ನಿಫ್ಟಿ 23,526. ವಾರದಲ್ಲಿ 660 ಪಾಯಿಂಟ್ ಬಿದ್ದರೂ ಪುಟ್ ಕೈಗೆ ಸಿಗದೆ 76 ಪಾಯಿಂಟ್ ದೂರದಲ್ಲಿ ಸತ್ತಿತು. ಮುಂದಿನ ಪುಟ್‌ನ ಸ್ಟ್ರೈಕ್ 23,526ರಿಂದ ಮತ್ತೆ 3% ಕೆಳಗೆ. ಅಂದರೆ ಬಿದ್ದದ್ದು ಬಿದ್ದೇ ಹೋಯಿತು, ರಕ್ಷಣೆ ಇನ್ನೂ ಕೆಳಗೆ ಸರಿಯಿತು. ಫೆಬ್ರವರಿ 6ರ 23,603ರಿಂದ 13ಕ್ಕೆ 23,031 ಆದಾಗಲೂ ಇದೇ ಕಥೆ. ಎರಡು ತಿಂಗಳಲ್ಲಿ ಯಾವ ಗುರುವಾರದಿಂದ ಗುರುವಾರಕ್ಕೆ ಲೆಕ್ಕ ಹಾಕಿದರೂ 3% ಇಳಿತ ಸಿಗುವುದಿಲ್ಲ. ಆ ತಿಂಗಳ ದೊಡ್ಡ ಹೊಡೆತ ಬಿದ್ದದ್ದು ಫೆಬ್ರವರಿ 28ರ ಶುಕ್ರವಾರ, 420 ಪಾಯಿಂಟ್. ಹಿಂದಿನ ದಿನವಷ್ಟೇ ಕೊಂಡ ಹೊಸ ಪುಟ್‌ನ ಸ್ಟ್ರೈಕ್ 21,850. ನಿಫ್ಟಿ ನಿಂತದ್ದು 22,124ರಲ್ಲಿ.

ಒಟ್ಟು ಇಳಿತ ಎಂಟೂವರೆ ಶೇಕಡಾ, ಪುಟ್ ಕೊಟ್ಟದ್ದು ಏನೂ ಇಲ್ಲ. ವಾರದ ಪುಟ್ ಕಾಯುವುದು ಆ ಒಂದು ವಾರದ ಕುಸಿತವನ್ನು ಮಾತ್ರ. 2024ರ ಜೂನ್ 4ರಂತೆ ಒಂದೇ ದಿನ ಸುಮಾರು 6% ಕುಸಿದರೆ ಅದಕ್ಕೆ ಬೆಲೆ. ತಿಂಗಳುಗಟ್ಟಲೆ ನಿಧಾನವಾಗಿ ಜಾರುವ ಮಾರುಕಟ್ಟೆಯಲ್ಲಿ ಅದು ಬರೀ ಸೋರಿಕೆ. ಮ್ಯಾನೇಜರ್‌ಗೆ ಮಾತ್ರ ಪ್ರತಿ ಗುರುವಾರ ಹೊಸ ಆರ್ಡರ್, ಹೊಸ ಬ್ರೋಕರೇಜ್. ಸಲಹೆ ಯಾಕೆ ವಾರದ್ದೇ ಆಗಿತ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಲಾಟ್ ಎಷ್ಟು ಅನ್ನುವುದು. ಪುಟ್‌ಗಳನ್ನು ಬಿಡಿಯಾಗಿ ಅಲ್ಲ, ಲಾಟ್ ಅನ್ನುವ ಕಟ್ಟುಗಳಲ್ಲಿ ಕೊಳ್ಳಬೇಕು. ನಿಫ್ಟಿ 1% ಅಲುಗಿದರೆ ನಮ್ಮ ಷೇರು ಸರಾಸರಿ ಎಷ್ಟು ಶೇಕಡಾ ಅಲುಗುತ್ತದೆ ಅನ್ನುವುದು ಬೀಟಾ. ಸೂತ್ರ ಸರಳ:

```
ಲಾಟ್ = ಪೋರ್ಟ್‌ಫೋಲಿಯೊ ಮೌಲ್ಯ × ಬೀಟಾ ÷ (ನಿಫ್ಟಿ × ಲಾಟ್ ಗಾತ್ರ)
```

ಆಗ ಲಾಟ್ ಗಾತ್ರ 75 (ಇದು ಬದಲಾಗುತ್ತಿರುತ್ತದೆ, ಕೊಳ್ಳುವ ದಿನ ನೋಡಿಕೊಳ್ಳಿ). 24,188ನ್ನು 75ರಿಂದ ಗುಣಿಸಿದರೆ ಒಂದು ಲಾಟ್ 18.14 ಲಕ್ಷದಷ್ಟು ಷೇರಿಗೆ ಸಮ. ಶೀಟ್‌ನಲ್ಲಿ ಬೀಟಾ 0.75 ಅಂತಿತ್ತು. 48 ಲಕ್ಷಕ್ಕೆ 0.75 ಅಂದರೆ 36 ಲಕ್ಷ, ಎರಡು ಲಾಟ್. ಸೂತ್ರವೂ ಸರಿ, ಗುಣಾಕಾರವೂ ಸರಿ. ತಪ್ಪಿದ್ದು ಬೀಟಾದಲ್ಲಿ.

ಪ್ರತಿ ಷೇರಿನ ಬೀಟಾವನ್ನು ಯಾವುದೋ ತಾಣದಿಂದ ಎತ್ತಿ ಹಾಕಿದ್ದರು. ಸ್ಮಾಲ್‌ಕ್ಯಾಪ್‌ಗಳ ಎದುರು 0.4, 0.5 ಅಂತ ಕಂಡಾಗಲೇ ಅನುಮಾನ ಬಂತು. ಭಾವನ ಹತ್ತಿರ ಪಂಪ್ ತಯಾರಿಸುವ ಒಂದು ಸಣ್ಣ ಕಂಪನಿಯ ಷೇರಿದೆ, ದಿನಕ್ಕೆ ಕೈಬದಲಾಗುವುದೇ ಕಡಿಮೆ. ಇಂಥ ಷೇರುಗಳು ನಿಫ್ಟಿ ಬಿದ್ದ ದಿನವೇ ಬೀಳುವುದಿಲ್ಲ. ಮಾರುವವರು ಬಂದು ಬೆಲೆ ಇಳಿಯುವ ಹೊತ್ತಿಗೆ ಒಂದೆರಡು ದಿನ ಕಳೆದಿರುತ್ತದೆ. ದಿನದ ಬೆಲೆಗಳಿಂದ ಬೀಟಾ ಕಟ್ಟಿದರೆ ಆ ತಡವಾದ ಕುಸಿತ ಲೆಕ್ಕಕ್ಕೇ ಬರುವುದಿಲ್ಲ, ಷೇರು ಸಾಧು ಅನ್ನಿಸಿಕೊಳ್ಳುತ್ತದೆ. ಷೇರುಗಳದ್ದೂ ನಿಫ್ಟಿಯದ್ದೂ ಎರಡು ವರ್ಷದ ವಾರದ ಬೆಲೆಗಳನ್ನು ಇಳಿಸಿಕೊಂಡು ಪ್ರತಿ ವಾರದ ಶೇಕಡಾ ಬದಲಾವಣೆ ತೆಗೆದು ಎಕ್ಸೆಲ್‌ನ `SLOPE`ಗೆ ಕೊಟ್ಟೆ. ಆ ಪಂಪ್ ಷೇರು 0.45ರಿಂದ 0.95ಕ್ಕೆ ಏರಿತು, ಇಡೀ ಪೋರ್ಟ್‌ಫೋಲಿಯೊ 1.15ಕ್ಕೆ. ಆ ಬೀಟಾಗೆ 55 ಲಕ್ಷದ ರಕ್ಷಣೆ ಬೇಕು, ಮೂರು ಲಾಟ್. ಎರಡು ಲಾಟ್ ಕೊಂಡದ್ದು ಕಡಿಮೆಯೇ ಆಗಿತ್ತು.

ಆದರೆ ಮೂರು ಲಾಟ್ ಇದ್ದರೂ ತುಂಬದ ಒಂದು ಗುಂಡಿ ಇತ್ತು, ಅದನ್ನು ಮ್ಯಾನೇಜರ್ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. 2025ರ ಜನವರಿ ಇಡೀ ತಿಂಗಳಲ್ಲಿ ನಿಫ್ಟಿ ಇಳಿದದ್ದು 0.6% ಅಷ್ಟೇ. ಅದೇ ತಿಂಗಳು ನಿಫ್ಟಿ ಸ್ಮಾಲ್‌ಕ್ಯಾಪ್ 100 ಇಳಿದದ್ದು ಹತ್ತಿರಹತ್ತಿರ 10%. ಬೀಟಾ ಹೇಳುವುದು ‘ನಿಫ್ಟಿ ಇಷ್ಟು ಅಲುಗಿದರೆ ನಿನ್ನ ಷೇರು ಸರಾಸರಿ ಇಷ್ಟು’ ಅಂತ. ನಿಫ್ಟಿ ಅಲುಗದೆ ಸ್ಮಾಲ್‌ಕ್ಯಾಪ್ ಮಾತ್ರ ಕುಸಿದರೆ ಅದಕ್ಕೆ ಬೀಟಾದಲ್ಲಿ ಜಾಗವೇ ಇಲ್ಲ, ನಿಫ್ಟಿ ಪುಟ್‌ನಲ್ಲೂ ಇಲ್ಲ. ಭಾವನ ಏಳೂವರೆ ಲಕ್ಷದ ನಷ್ಟದಲ್ಲಿ ನಿಫ್ಟಿಯ ಇಳಿತಕ್ಕೆ ಸೇರುವುದು (8.5%ಗೆ 1.15ರಂತೆ) 4.7 ಲಕ್ಷ. ಉಳಿದ 2.8 ಲಕ್ಷ ಯಾವ ನಿಫ್ಟಿ ಹೆಡ್ಜ್‌ಗೂ ಸಿಗುವಂಥದ್ದಲ್ಲ. ಪೋರ್ಟ್‌ಫೋಲಿಯೊದ ಏರಿಳಿತದಲ್ಲಿ ನಿಫ್ಟಿಯ ಪಾಲೆಷ್ಟು ಅಂತ ತೋರಿಸುವ ಎಕ್ಸೆಲ್‌ನ `RSQ` ಹಾಕಿ ನೋಡಿದರೆ ಇದು ಮೊದಲೇ ಗೊತ್ತಾಗುತ್ತದೆ: 0.8ರ ಆಸುಪಾಸಿದ್ದರೆ ನಿಫ್ಟಿ ಪುಟ್ ಬಗ್ಗೆ ಯೋಚಿಸಬಹುದು, 0.4, 0.5 ಇದ್ದರೆ ಸ್ಮಾಲ್‌ಕ್ಯಾಪ್ ಭಾಗವನ್ನೇ ಸ್ವಲ್ಪ ಮಾರಿ, ಉಳಿದದ್ದಕ್ಕಷ್ಟೇ ಹೆಡ್ಜ್ ಮಾಡುವುದು ನನ್ನ ಪ್ರಕಾರ ಮೇಲು.

ಹಾಗಾದರೆ ಏನು ಕೊಳ್ಳಬೇಕಿತ್ತು? ಅದೇ ಜನವರಿ 2ರಂದು ಮಾರ್ಚ್ 27ರ ಎಕ್ಸ್‌ಪೈರಿಯ 23,500ರ ಪುಟ್ ಮೂರು ಲಾಟ್ ಅಂದುಕೊಳ್ಳಿ. ಪ್ರೀಮಿಯಂ 300 ಅಂತ ಇಟ್ಟುಕೊಂಡರೆ ಖರ್ಚು 67,500. ಒಟ್ಟಿಗೆ ಕೊಡುವಾಗ ಹೊಟ್ಟೆ ಚುರ್ ಅನ್ನುತ್ತದೆ, ‘ವಾರಕ್ಕೆ ಮೂರು ಸಾವಿರ’ ಸಿಹಿಯಾಗಿ ಕೇಳುವುದು ಇದಕ್ಕೇ. ಆದರೆ ಇಲ್ಲಿ ಸ್ಟ್ರೈಕ್ ಕೆಳಗೆ ಸರಿಯುವುದಿಲ್ಲ. ಫೆಬ್ರವರಿ 28ಕ್ಕೆ ನಿಫ್ಟಿ ಸ್ಟ್ರೈಕ್‌ಗಿಂತ 1,375 ಪಾಯಿಂಟ್ ಕೆಳಗಿತ್ತು; ಪುಟ್‌ಗೆ 1,300 ಸಿಕ್ಕರೂ ಮೂರು ಲಾಟ್‌ಗೆ 2.92 ಲಕ್ಷ, ಖರ್ಚು ಕಳೆದು ಎರಡೂಕಾಲು ಲಕ್ಷ. ಏಳೂವರೆ ಲಕ್ಷಕ್ಕೆ ಇದು ಸಾಲದು, ನಿಜ. ಸ್ಟ್ರೈಕ್ ಮುಟ್ಟುವ ತನಕದ ಮೊದಲ 688 ಪಾಯಿಂಟ್ ಹೇಗೂ ನಮ್ಮ ತಲೆಯ ಮೇಲೆಯೇ.

ಇದನ್ನೂ ಕೊಂಡು ಮರೆಯುವಂತಿಲ್ಲ. ಮಾರ್ಚ್‌ನಲ್ಲಿ ಮಾರುಕಟ್ಟೆ ಚೇತರಿಸಿಕೊಂಡು 27ರಂದು ನಿಫ್ಟಿ 23,591ರಲ್ಲಿ ಮುಗಿಯಿತು. ಫೆಬ್ರವರಿ ಕೊನೆಗೆ ಮೂರು ಲಕ್ಷದ ಹತ್ತಿರವಿದ್ದ ಅದೇ ಪುಟ್ ಎಕ್ಸ್‌ಪೈರಿ ತನಕ ಇಟ್ಟವರ ಕೈಯಲ್ಲಿ ಸೊನ್ನೆ. ಅದಕ್ಕೇ ಈಗ ಭಾವನಿಗೆ ಹೇಳಿರುವುದು ಇಷ್ಟು: ಕೊಳ್ಳುವುದು ಮೂರು ತಿಂಗಳದ್ದು, ದಿನ ಕಳೆದಂತೆ ಪುಟ್‌ನ ಬೆಲೆ ಸವೆಯುವುದು ಜೋರಾಗುವ ಕೊನೆಯ ತಿಂಗಳು ಶುರುವಾಗುವ ಮುನ್ನ ಮಾರಿಬಿಡುವುದು, ಲಾಭದಲ್ಲಿದ್ದರೆ ಅದರ ಒಂದು ಪಾಲಿನಿಂದ ಮುಂದಿನ ಎಕ್ಸ್‌ಪೈರಿಯ ಕೆಳಗಿನ ಸ್ಟ್ರೈಕ್ ಕೊಳ್ಳುವುದು. ದೂರದ ತಿಂಗಳ ಪುಟ್‌ಗಳಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ದೊಡ್ಡದಿರುತ್ತದೆ, ಹಾಗಾಗಿ 23,000, 23,500ರಂಥ ದುಂಡು ಸ್ಟ್ರೈಕ್ ನೋಡಿ, ಬೆಲೆ ನೀವೇ ನಿಗದಿ ಮಾಡುವ ಲಿಮಿಟ್ ಆರ್ಡರ್ ಹಾಕಿ, ಫೋನಿನಲ್ಲಿ "ಮಾರ್ಕೆಟ್ ರೇಟ್‌ಗೆ ಹಾಕಿಬಿಡ್ಲಾ ಸರ್?" ಅಂದರೆ ಬೇಡ ಅನ್ನಿ.