ಮೂರು ವರ್ಷ ಬಳಸಿದ ಫ್ಲೋ ಟೋಟಲೈಸರ್ ಬ್ಲಾಕ್: 524288.0ಕ್ಕೆ ಬಂದು ನಿಂತ ಲೆಕ್ಕ

ಪಂಪ್, ಮೀಟರ್‌ಗಳನ್ನು ನೋಡಿಕೊಳ್ಳುವ ಕಂಟ್ರೋಲರ್ ಆದ ಪಿಎಲ್‌ಸಿಯ ಸಾಫ್ಟ್‌ವೇರ್ ಜೊತೆ ರೆಡಿಮೇಡ್ ಆಗಿ ಬಂದ, ಹರಿದ ನೀರನ್ನೆಲ್ಲ ಕೂಡಿಸಿ ಒಟ್ಟು ತೋರಿಸುವ ಫ್ಲೋ ಟೋಟಲೈಸರ್ ಬ್ಲಾಕನ್ನು ಒಂದು ನೀರಿನ ಲೈನಿಗೆ ಹಾಕಿ ಮೂರು ವರ್ಷವಾಯಿತು. ಮೊದಲ ಒಂಬತ್ತು ತಿಂಗಳು ಅದನ್ನು ಇದ್ದ ಹಾಗೇ ಬಳಸಿದೆ. ಆಮೇಲೆ ಅದನ್ನು ತೆಗೆದು ನಾನೇ ಬರೆದ ಲೆಕ್ಕ ಓಡುತ್ತಿದೆ. ಬ್ಲಾಕ್ ಯಾರದ್ದು ಅನ್ನುವುದು ಬೇಡ, ಇದೇ ಕಾಯಿಲೆ ಬೇರೆಯವರ ಬ್ಲಾಕ್‌ಗಳಲ್ಲೂ ಇರಬಹುದು. ಹಾಕಿಕೊಳ್ಳುವ ಸುಲಭಕ್ಕೆ ನಾಲ್ಕು ಸ್ಟಾರ್, ಲೆಕ್ಕಕ್ಕೆ ಒಂದು.

ನಮ್ಮ ಲೈನಿನ ಕೆಲಸ ಸರಳ. ದಿನಕ್ಕೆ 16 ಗಂಟೆ ಪಂಪ್ ಪೂರ್ತಿ ವೇಗದಲ್ಲಿ ಓಡುತ್ತದೆ, ಆಗ ಫ್ಲೋ ಗಂಟೆಗೆ 90 ಘನ ಮೀಟರ್ ಆಸುಪಾಸು. ರಾತ್ರಿ 8 ಗಂಟೆ ಅರ್ಧ ವೇಗ, 45 ಘನ ಮೀಟರ್. ದಿನಕ್ಕೆ ಒಟ್ಟು 1,800. ಬ್ಲಾಕ್ ಪ್ರತಿ ಸೆಕೆಂಡಿಗೆ ಒಮ್ಮೆ ಫ್ಲೋ ಓದಿ, 3600ರಿಂದ ಭಾಗಿಸಿ, ಬಂದದ್ದನ್ನು REAL ಅನ್ನುವ ದಶಮಾಂಶ ಸಂಖ್ಯೆಯಲ್ಲಿಟ್ಟ ಒಂದು ಮೊತ್ತಕ್ಕೆ ಕೂಡಿಸುತ್ತದೆ. ಅಂದರೆ ಹಗಲು ಸೆಕೆಂಡಿಗೆ 0.025, ರಾತ್ರಿ 0.0125.

ಮೊದಲ ನಾಲ್ಕು ತಿಂಗಳಲ್ಲಿ ನಡೆದದ್ದು ನನಗೆ ಆಗ ಅರ್ಥವಾಗಲಿಲ್ಲ. ಎರಡನೇ ತಿಂಗಳ ಹೊತ್ತಿಗೆ ಮೂರು ವಾರದ ಹತ್ತಿರ ಲೆಕ್ಕ ಶೇಕಡಾ 6ರಷ್ಟು ಕಡಿಮೆ ಬಂತು, ಆಮೇಲೆ ತಾನಾಗಿಯೇ ಸರಿಹೋಯಿತು. ಬಳಿಕ ಇದ್ದಕ್ಕಿದ್ದಂತೆ ದಿನದ ಲೆಕ್ಕ 1,800ರ ಬದಲು 2,250 ತೋರಿಸತೊಡಗಿತು. ಶೇಕಡಾ 25 ಜಾಸ್ತಿ! ಮೀಟರ್ ಮೇಲೆ ಅನುಮಾನ ಬಂದು ಕ್ಯಾಲಿಬ್ರೇಷನ್‌ಗೆ ಬರೆದೆವು. ಅವರು ಬಂದು ಹೋದ ವಾರದಲ್ಲೇ ಲೆಕ್ಕ ಮತ್ತೆ 1,800ಕ್ಕೆ ಬಂತು. ಕ್ಯಾಲಿಬ್ರೇಷನ್‌ನಿಂದ ಸರಿಯಾಯಿತು ಎಂದು ರಿಜಿಸ್ಟರಿನಲ್ಲಿ ನಾನೇ ಬರೆದಿದ್ದೇನೆ. ಆ ಸಾಲು ಇನ್ನೂ ಅಲ್ಲೇ ಇದೆ.

ಸುಮಾರು ಐದು ತಿಂಗಳು ಎಲ್ಲ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಆಪರೇಟರ್ ಬಂದು, "ಸಾರ್, ಪಂಪ್ ಓಡ್ತಾ ಇದೆ, ಟೋಟಲ್ ಓಡ್ತಾ ಇಲ್ಲ" ಅಂದ. ಸ್ಕ್ರೀನಿನಲ್ಲಿ 524288.0. ಫ್ಲೋ 90 ತೋರಿಸುತ್ತಿದೆ, ಬ್ಲಾಕಿನಲ್ಲಿ ಎರರ್ ಬಿಟ್ ಇಲ್ಲ, ಮೊತ್ತ ಮಾತ್ರ ಅಲುಗಾಡುತ್ತಿಲ್ಲ. 5,24,288 ಅಂದರೆ 2ರ 19ನೇ ಘಾತ. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ.

REAL 32 ಬಿಟ್‌ನ ಸಂಖ್ಯೆ. ಅದರಲ್ಲಿ ನಿಖರತೆಗೆ ಸಿಗುವುದು 24 ಬಿಟ್, ಹೆಚ್ಚುಕಡಿಮೆ ಏಳು ಅಂಕಿ. ಅದನ್ನು ಒಂದು ಅಳತೆಪಟ್ಟಿ ಅಂದುಕೊಳ್ಳಿ: ಸೊನ್ನೆಯ ಹತ್ತಿರ ಗೆರೆಗಳು ಒತ್ತೊತ್ತಾಗಿವೆ, ಸಂಖ್ಯೆ ಎರಡರ ಒಂದೊಂದು ಘಾತ ದಾಟಿದಾಗಲೂ ಗೆರೆಗಳ ನಡುವಿನ ಅಂತರ ದುಪ್ಪಟ್ಟಾಗುತ್ತದೆ. ಕೂಡಿಸಿದ ಉತ್ತರ ಎರಡು ಗೆರೆಗಳ ನಡುವೆ ಬಿದ್ದರೆ ಹತ್ತಿರದ ಗೆರೆಗೆ ಎಳೆದು ಕೂರಿಸುತ್ತಾರೆ. 5,24,288ರಿಂದ ಮುಂದೆ ಅಂತರ 0.0625. ನಾವು ಕೂಡಿಸುವ 0.025 ಅದರ ಅರ್ಧಕ್ಕಿಂತಲೂ ಕಡಿಮೆ, ಹಾಗಾಗಿ ಪ್ರತಿ ಸಲ ಹಿಂದಿನ ಗೆರೆಗೇ ವಾಪಸ್. ಎಷ್ಟು ಸಲ ಕೂಡಿಸಿದರೂ ಅಷ್ಟೇ.

ನಿಂತು ಹೋಗುವುದು ಎಲ್ಲರಿಗೂ ಕಾಣುವ ತಪ್ಪು. ಅದಕ್ಕಿಂತ ಮುಂಚಿನದ್ದು ಅಪಾಯದ್ದು. 1,31,072ರಿಂದ 2,62,144ರವರೆಗೆ ಅಂತರ 0.015625. ಹಗಲಿನ 0.025 ಅಂದರೆ 1.6 ಗೆರೆ, ಅದು ದುಂಡಾಗಿ 2 ಗೆರೆಯಾಗುತ್ತದೆ. ರಾತ್ರಿಯ 0.0125 ಅಂದರೆ 0.8 ಗೆರೆ, ದುಂಡಾಗಿ 1. ಎರಡೂ ಸರಿಯಾಗಿ ಶೇಕಡಾ 25 ಜಾಸ್ತಿ. ಇದೇ ನಮ್ಮ 2,250. ಫ್ಲೋ ಸ್ವಲ್ಪ ಏರಿಳಿದರೆ ತಪ್ಪು ಸರಿದೂಗುತ್ತದೆ ಅನ್ನುವವರಿದ್ದಾರೆ. ಇಲ್ಲಿ 88ಕ್ಕೆ ಇಳಿದರೂ 92ಕ್ಕೆ ಏರಿದರೂ ಕೂಡುವುದು ಅದೇ 2 ಗೆರೆ.

2,62,144 ದಾಟಿದ ಮೇಲೆ ಅಂತರ 0.03125. ಹಗಲು 0.8 ಗೆರೆ ಇದ್ದದ್ದು 1 ಆಗಿ ಶೇಕಡಾ 25 ಜಾಸ್ತಿಯೇ ಉಳಿಯಿತು. ರಾತ್ರಿ ಮಾತ್ರ 0.4 ಗೆರೆ, ಅಂದರೆ ಸೊನ್ನೆ. ಈಗ ಲೆಕ್ಕ ಹಾಕಿ: ಹಗಲು 1,440 ಇರಬೇಕಾದದ್ದು 1,800, ರಾತ್ರಿ 360 ಇರಬೇಕಾದದ್ದು 0. ಒಟ್ಟು 1,800! ಎರಡು ತಪ್ಪು ಒಂದನ್ನೊಂದು ತಿಂದು ಉತ್ತರ ಸರಿ ಬಂದಿತ್ತು, ಹೆಸರು ಬಂದದ್ದು ಕ್ಯಾಲಿಬ್ರೇಷನ್‌ಗೆ. ಆ ಐದು ತಿಂಗಳಲ್ಲಿ ಒಂದೇ ಒಂದು ರಾತ್ರಿ ಟ್ರೆಂಡ್ ನೋಡಿದ್ದರೆ, ಗಂಟೆಗಟ್ಟಲೆ ಅಡ್ಡಗೆರೆ ಎಳೆದಂತಿದ್ದ ಮೊತ್ತ ಕಣ್ಣಿಗೆ ಬೀಳುತ್ತಿತ್ತು. ನಾವು ನೋಡುತ್ತಿದ್ದದ್ದು ದಿನದ ರಿಪೋರ್ಟ್ ಮಾತ್ರ.

ಬ್ಲಾಕ್ ತೆಗೆದು ಅದರ ಜಾಗಕ್ಕೆ ಹಾಕಿದ್ದು ಇದು. ಒಂದು ಸೆಕೆಂಡಿನ ಸೈಕ್ಲಿಕ್ ಟಾಸ್ಕಿನಲ್ಲಿ ಓಡಬೇಕು, ಮುಖ್ಯ ಸ್ಕ್ಯಾನಿನಲ್ಲಿ ಅಲ್ಲ:

```
rFrac   := rFrac + rFlow / 3.6;   (* m3/h -> L/s *)
diWhole := TRUNC(rFrac);
rFrac   := rFrac - DINT_TO_REAL(diWhole);
diLitre := diLitre + diWhole;
diM3    := diM3 + diLitre / 1000;
diLitre := diLitre MOD 1000;
```

REAL ಇಲ್ಲಿಯೂ ಇದೆ, ಆದರೆ ಅದು ಬೆಳೆಯುವುದಿಲ್ಲ. ಲೀಟರಿನ ಭಿನ್ನಾಂಶ ಮಾತ್ರ ಅದರಲ್ಲಿ ಉಳಿಯುವುದರಿಂದ ಗೆರೆಗಳು ಯಾವಾಗಲೂ ಒತ್ತಾಗಿರುತ್ತವೆ. ಪೂರ್ತಿ ಲೀಟರ್‌ಗಳು ಪೂರ್ಣಾಂಕಕ್ಕೆ ಹೋಗುತ್ತವೆ, ಪೂರ್ಣಾಂಕದಲ್ಲಿ ಒಂದಕ್ಕೆ ಒಂದು ಕೂಡಿಸಿದರೆ ಎರಡೇ. ಮೂರನೇ ಸಾಲನ್ನು ಬಿಟ್ಟು, ಉಳಿದ ಭಿನ್ನಾಂಶವನ್ನು ಸೊನ್ನೆ ಮಾಡಿದ ಪ್ರೋಗ್ರಾಮ್‌ಗಳನ್ನೂ ನೋಡಿದ್ದೇನೆ. ಅಲ್ಲಿ ಸೆಕೆಂಡಿಗೆ ಅರ್ಧ ಲೀಟರಿನ ಫ್ಲೋ ವರ್ಷವಿಡೀ ಹರಿದರೂ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಬರೆದಾಗ, ಮೊದಲ ದಿನದಿಂದ ಹರಿದದ್ದನ್ನೆಲ್ಲ ಲೀಟರಿನಲ್ಲೇ 32 ಬಿಟ್‌ನ ಪೂರ್ಣಾಂಕವಾದ ಒಂದು DINTಗೆ ಹಾಕಿದ್ದೆ. ಅದರ ಮಿತಿ 2,14,74,83,647. ದಿನಕ್ಕೆ 18 ಲಕ್ಷ ಲೀಟರ್ ಆದರೆ 1,193 ದಿನಕ್ಕೆ ತುಂಬಿ, ಮರುಕ್ಷಣವೇ ಋಣ ಸಂಖ್ಯೆಗೆ ಉರುಳುತ್ತದೆ. ಅದಕ್ಕೇ ಘನ ಮೀಟರನ್ನು ಬೇರೆ ಮಾಡಿದೆ. ಹಾಗೆ ಮಾಡದಿದ್ದರೆ ಇನ್ನು ಮೂರು ತಿಂಗಳಲ್ಲಿ ಎರಡನೇ ಸಲ ನಗೆಪಾಟಲಾಗುತ್ತಿದ್ದೆ.

ಮೂರೂ ವೇರಿಯಬಲ್‌ಗಳನ್ನು, ಅಂದರೆ `rFrac`, `diLitre`, `diM3`, ಕರೆಂಟ್ ಹೋದರೂ ಉಳಿಯುವ ಮೆಮೊರಿಯಲ್ಲಿಡಿ. ನಾನು `diM3` ಒಂದನ್ನೇ ಇಟ್ಟು ಪ್ರತಿ ಪವರ್ ಕಟ್‌ಗೂ ಒಂದು ಘನ ಮೀಟರಿನ ಒಳಗೆ ಎಷ್ಟೋ ಲೀಟರ್ ಕಳೆದುಕೊಂಡೆ. ಇನ್ನೊಂದು, ಮೀಟರಿನಲ್ಲಿ ಪಲ್ಸ್ ಔಟ್‌ಪುಟ್ ಇದ್ದು ಕೌಂಟರ್ ಇನ್‌ಪುಟ್ ಖಾಲಿ ಇದ್ದರೆ ಈ ಕೋಡೂ ಬೇಡ. ಪಲ್ಸನ್ನೇ ನೇರ DINTನಲ್ಲಿ ಎಣಿಸಿ. ನಮ್ಮಲ್ಲಿ 4–20 ಮಿಲಿಆಂಪ್ ತಂತಿ ಮಾತ್ರ ಎಳೆದಿದ್ದರು.

ಯಾವುದೇ ರೆಡಿಮೇಡ್ ಬ್ಲಾಕ್ ಒಪ್ಪಿಕೊಳ್ಳುವ ಮುಂಚೆ ನಾನೀಗ ಮಾಡುವುದು ಐದು ನಿಮಿಷದ ಪರೀಕ್ಷೆ. ಮೊತ್ತಕ್ಕೆ 524288.0 ಫೋರ್ಸ್ ಮಾಡಿ, ಫ್ಲೋಗೆ ಸ್ಥಿರವಾಗಿ 90 ಕೊಟ್ಟು, ನಾಲ್ಕು ನಿಮಿಷ ಬಿಡುತ್ತೇನೆ. 6 ಘನ ಮೀಟರ್ ಏರಬೇಕು. ಏರದಿದ್ದರೆ ಮಾತೇ ಬೇಡ. ಏರಿದರೆ ಅದೇ ಪರೀಕ್ಷೆಯನ್ನು 131072.0ರಿಂದಲೂ ಮಾಡುತ್ತೇನೆ. ಅಲ್ಲಿ 6ರಿಂದ ದೂರದ ಸಂಖ್ಯೆ ಬಂದರೆ ಒಳಗಿರುವುದು ಅದೇ REAL.

ಬ್ಲಾಕ್ ಕೊಟ್ಟವರಿಗೆ ಇದನ್ನೆಲ್ಲ ಬರೆದು ಕಳಿಸಿದ್ದೆ. ಹೊಸ ಆವೃತ್ತಿಯಲ್ಲಿ ಒಳಗಿನ ಮೊತ್ತವನ್ನು 64 ಬಿಟ್‌ನ LREAL ಮಾಡಿದ್ದಾರೆ, ಮೇಲಿನ ಎರಡೂ ಪರೀಕ್ಷೆ ಪಾಸಾಯಿತು. ಆದರೆ ಹೊರಗೆ ಬರುವ ಪಿನ್ ಇನ್ನೂ REAL. ನಮ್ಮ ಈಗಿನ ಮೊತ್ತ ಸುಮಾರು 19 ಲಕ್ಷ 70 ಸಾವಿರ, ಅಷ್ಟರಲ್ಲಿ ಆ ಪಿನ್ ನೋಡಿದರೆ ಸ್ಕ್ರೀನ್ 125 ಲೀಟರಿಗೊಮ್ಮೆ ಜಿಗಿಯುತ್ತದೆ. ಹಾಗಾಗಿ ಹೊಸ ಆವೃತ್ತಿಗೆ ಲೆಕ್ಕದಲ್ಲಿ ಅರ್ಧ ಸ್ಟಾರ್ ಮಾತ್ರ ಜಾಸ್ತಿ ಕೊಟ್ಟಿದ್ದೇನೆ.