ಬಿಲ್ಲಿಂಗ್ ಸಾಫ್ಟ್‌ವೇರ್ ತಗೊಳ್ಳುವ ಮೊದಲು ಅಡ್ರೆಸ್ ವಿಷಯ ನೋಡಿಕೊಳ್ಳಿ, ನಮಗೆ ಮೋಸ ಆಗಿದೆ

ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆ ವ್ಯಾಪಾರ ಮಾಡುವವರು ದಯವಿಟ್ಟು ಪೂರ್ತಿ ಓದಿ. ತಲಪಾಡಿ ಗೇಟಿನ ಆಚೆಗೂ ಈಚೆಗೂ ಮಾಲು ಕಳಿಸುವವರಿಗಂತೂ ಇದು ಗೊತ್ತಿರಲೇಬೇಕು.

ನಮ್ಮದು ಕುಂಬಳೆ ಹತ್ತಿರ ತೆಂಗಿನೆಣ್ಣೆ ಮಿಲ್ಲು. ನಮ್ಮ ವ್ಯಾಪಾರ ಹೇಗೆ ಅಂತ ನಿಮಗೆ ಗೊತ್ತೇ ಇದೆ. ಬಿಲ್ಲು ಮಂಗಳೂರಿನ ಹೋಲ್‌ಸೇಲಿನವರ ಹೆಸರಿಗೆ, ಟಿನ್ನು ಮಾತ್ರ ಅವರು ಹೇಳಿದ ಅಂಗಡಿಗೆ. ಒಮ್ಮೆ ಉಪ್ಪಳ, ಒಮ್ಮೆ ಹೊಸಂಗಡಿ, ಒಮ್ಮೆ ಸೀದಾ ಅವರದ್ದೇ ಗೋಡೌನು. ಸಾಫ್ಟ್‌ವೇರ್ ಮಾರಲು ಬಂದವನಿಗೆ ಇದನ್ನೇ ಬಿಡಿಸಿ ಬಿಡಿಸಿ ಹೇಳಿದ್ದೆ. "ಒಬ್ಬ ಕಸ್ಟಮರಿಗೆ ಎಷ್ಟು ಅಡ್ರೆಸ್ ಬೇಕಾದರೂ ಹಾಕಬಹುದು ಸರ್" ಅಂತ ಹೇಳಿ ನಾಲ್ಕೈದು ಅಡ್ರೆಸ್ ಸೇರಿಸಿ ತೋರಿಸಿದ. ಒಂದು ವರ್ಷದ ದುಡ್ಡು ಮೊದಲೇ ಕಟ್ಟಿಸಿಕೊಂಡ.

ಸೇರಿಸುವುದು ದೊಡ್ಡ ವಿಷಯವೇ ಅಲ್ಲ. ಆ ಅಡ್ರೆಸ್ಸುಗಳಲ್ಲಿ ಯಾವುದು ಬಿಲ್ಲಿಗೆ, ಯಾವುದು ಡೆಲಿವರಿಗೆ ಅಂತ ಆ ಸಾಫ್ಟ್‌ವೇರಿಗೆ ಗೊತ್ತೇ ಇರಲಿಲ್ಲ. ಎಲ್ಲದಕ್ಕೂ ಸೇರಿ 'ಡಿಫಾಲ್ಟ್' ಅಂತ ಒಂದೇ ಒಂದು ಟಿಕ್.

ಆದದ್ದು ಹೀಗೆ. ಮಂಗಳೂರಿನವರ ಆರ್ಡರ್, ಮಾಲಿನ ಬೆಲೆ 60,000 ರೂಪಾಯಿ, ಡೆಲಿವರಿ ಅವರ ಗಿರಾಕಿಯ ಉಪ್ಪಳದ ಅಂಗಡಿಗೆ. ಮಾಲು ಕೇರಳದಲ್ಲೇ ಇಳಿದರೂ ಕೊಂಡವರು ಮಂಗಳೂರಿನವರು, ಅವರ ಜಿಎಸ್‌ಟಿ ನಂಬರು ಕರ್ನಾಟಕದ 29ರಿಂದ ಶುರುವಾಗುತ್ತದೆ. ಹೀಗೆ ಒಬ್ಬರಿಗೆ ಬಿಲ್ಲು ಮಾಡಿ ಅವರು ಹೇಳಿದ ಇನ್ನೊಬ್ಬರಿಗೆ ಮಾಲು ಕೊಟ್ಟರೆ, ಕಾನೂನು ನೋಡುವುದು ಬಿಲ್ಲು ಯಾರಿಗೆ ಅಂತ. ಅಂದರೆ 5 ಪರ್ಸೆಂಟ್ ಐಜಿಎಸ್‌ಟಿ, 3,000 ರೂಪಾಯಿ ಹಾಕಬೇಕು. ನಾವು ಡೆಲಿವರಿಗೆ ಉಪ್ಪಳ ಆರಿಸಿದ ಕೂಡಲೇ ಸಾಫ್ಟ್‌ವೇರ್ ಒಳಗಿಂದೊಳಗೇ ರಾಜ್ಯ ಕೇರಳ ಅಂತ ಮಾಡಿ, 1,500 ಸಿಜಿಎಸ್‌ಟಿ 1,500 ಎಸ್‌ಜಿಎಸ್‌ಟಿ ಹಾಕಿಬಿಟ್ಟಿತು. ಒಟ್ಟು ಮೊತ್ತ ಅದೇ 63,000. ನೋಡಿದವರಿಗೆ ಏನು ಗೊತ್ತಾಗಬೇಕು ಹೇಳಿ?

ಗೊತ್ತಾದದ್ದು ಮಂಗಳೂರಿನವರ ಅಕೌಂಟೆಂಟಿನಿಂದ. ಅವರ ಜಿಎಸ್‌ಟಿಆರ್-2ಬಿಯಲ್ಲಿ ನಮ್ಮ ಬಿಲ್ಲು 'ಕ್ರೆಡಿಟ್ ಸಿಗುವುದಿಲ್ಲ' ಅನ್ನುವ ಭಾಗದಲ್ಲಿ ಕೂತಿತ್ತು. ಕೇರಳದ ತೆರಿಗೆಗೆ ಕರ್ನಾಟಕದ ನಂಬರಿನವರಿಗೆ ಕ್ರೆಡಿಟ್ ಸಿಗುವುದಿಲ್ಲವಲ್ಲ. ನಮ್ಮ ತಂದೆಯ ಕಾಲದಿಂದ ವ್ಯಾಪಾರ ಇರುವವರು, ಅವರ ಅಂಗಡಿಯಲ್ಲಿ ನಾಲ್ಕು ಜನರ ಎದುರು "ಎಂತ ಮಾರಾಯ್ರೇ, ಬಿಲ್ಲು ಮಾಡಲಿಕ್ಕೂ ಬರುವುದಿಲ್ವಾ ನಿಮಗೆ?" ಅಂತ ಕೇಳಿದರು. ತಲೆ ಎತ್ತಲಾಗಲಿಲ್ಲ.

ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದೆ. "ಡೆಲಿವರಿ ಕೇರಳದಲ್ಲೇ ಅಲ್ವಾ ಸರ್, ಹಾಗಾದರೆ ಕೇರಳದ ಟ್ಯಾಕ್ಸೇ ಬರುವುದು." ತಪ್ಪು ಅಂತ ವಿವರಿಸಿದೆ. "ಹಾಗಾದರೆ ಮಂಗಳೂರನ್ನು ಡಿಫಾಲ್ಟ್ ಮಾಡಿ, ಉಪ್ಪಳದ್ದನ್ನು ತಿದ್ದಿ" ಅಂದರು. ಅವರು ಹೇಳಿದ ಹಾಗೇ ಮಾಡಿದೆವು. ಆಮೇಲೆ ಹಳೆಯ ಬಿಲ್ಲೊಂದನ್ನು ಪುನಃ ಪ್ರಿಂಟ್ ತೆಗೆದರೆ ಅದರಲ್ಲಿಯೂ ಹೊಸ ಅಡ್ರೆಸ್! ಉಪ್ಪಳಕ್ಕೆ ಹೋದ ಎಣ್ಣೆ ಮಂಗಳೂರಿಗೆ ಹೋಗಿದೆ ಅಂತ ನಮ್ಮದೇ ಬಿಲ್ಲು ಹೇಳುತ್ತಿದೆ. ಈ-ವೇ ಬಿಲ್ಲಿನಲ್ಲಿ ಉಪ್ಪಳ, ಬಿಲ್ಲಿನಲ್ಲಿ ಮಂಗಳೂರು. ನಾಳೆ ಅಧಿಕಾರಿ ಕೇಳಿದರೆ ನಾನು ಏನು ಹೇಳಲಿ? ಆಗಲೇ ನನಗೆ ಹೊಳೆದದ್ದು, ಆ ಬಿಲ್ಲಿನೊಳಗೆ ಅಡ್ರೆಸ್ಸೇ ಇರಲಿಲ್ಲ ಅಂತ. ಪ್ರತಿ ಸಲ ತೆರೆದಾಗಲೂ ಗಿರಾಕಿಯ ಪಟ್ಟಿಯಿಂದ ಎಳೆದು ತೋರಿಸುತ್ತಿತ್ತು. ಆರ್ಡರ್ ಮಾಡಿದ ದಿನ ಯಾವ ಅಡ್ರೆಸ್ ಇತ್ತೋ ಅದರ ಪ್ರತಿ ಆ ಬಿಲ್ಲಿನಲ್ಲೇ ಉಳಿಯಬೇಕು, ಪಟ್ಟಿಯಲ್ಲಿ ಆಮೇಲೆ ಏನೇ ತಿದ್ದಿದರೂ ಅದು ಅಲುಗಾಡಬಾರದು.

ಅದಕ್ಕೆ ಬಂದ ಉತ್ತರ ಕೇಳಿ. "ಹಳೆ ಬಿಲ್ಲು ಯಾಕೆ ಪ್ರಿಂಟ್ ತೆಗೀತೀರಿ ಸರ್? ನಮ್ಮ ಸಿಸ್ಟಮ್ಮೇ ಹಾಗೆ." ಮತ್ತೆ ಜೋರು ಮಾಡಿದಾಗ "ಒಂದೊಂದು ಅಡ್ರೆಸ್ಸಿಗೆ ಒಂದೊಂದು ಕಸ್ಟಮರ್ ಮಾಡಿಕೊಳ್ಳಿ" ಅಂತ. ಹಾಗೆ ಮಾಡಿದರೆ ಒಬ್ಬರದ್ದೇ ಬಾಕಿ ಮೂರು ಹೆಸರಲ್ಲಿ ಹರಿದು ಹಂಚಿ ಹೋಗುತ್ತದೆ, ಯಾರು ಎಷ್ಟು ಕೊಡಬೇಕು ಅಂತ ಲೆಕ್ಕ ಸಿಗುವುದಿಲ್ಲ. ಹಲವು ಅಡ್ರೆಸ್ ಇಡಬಹುದು ಅಂತ ಹೇಳಿ ತಾನೇ ಮಾರಿದ್ದು?

ಈಗ ಜಿಎಸ್‌ಟಿಆರ್-1ರಲ್ಲಿ ಬಿಲ್ಲು ತಿದ್ದಿ, ಐಜಿಎಸ್‌ಟಿ 3,000 ಪುನಃ ಕಟ್ಟಿ, ಮೊದಲು ಕಟ್ಟಿದ 3,000ಕ್ಕೆ ರೀಫಂಡ್ ಅರ್ಜಿ ಹಾಕಬೇಕು. ಇದು ಒಂದು ಬಿಲ್ಲಿನ ಕಥೆ. ಇಂಥವು ಇನ್ನೂ ಇವೆ.

ನೀವು ದುಡ್ಡು ಕೊಡುವ ಮೊದಲು ಅವರ ಎದುರೇ ಒಂದು ಬಿಲ್ಲು ಮಾಡಿಸಿ. ಬಿಲ್ಲು ಮಂಗಳೂರಿಗೆ, ಡೆಲಿವರಿ ಉಪ್ಪಳಕ್ಕೆ. ಐಜಿಎಸ್‌ಟಿ ಬರುತ್ತದಾ ನೋಡಿ. ಎರಡೂ ಅಡ್ರೆಸ್ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ಪ್ರಿಂಟ್ ಆಗುತ್ತದಾ ನೋಡಿ. ಆಮೇಲೆ ಗಿರಾಕಿಯ ಅಡ್ರೆಸ್ ತಿದ್ದಿ ಅದೇ ಬಿಲ್ಲನ್ನು ಪುನಃ ತೆರೆಯಿರಿ. ಒಂದಕ್ಷರ ಬದಲಾದರೂ ಎದ್ದು ಬನ್ನಿ. ಬಾಯಿಮಾತಿಗೆ ಬೆಲೆ ಕೊಡಬೇಡಿ, ನಾವು ಕೊಟ್ಟು ಅನುಭವಿಸುತ್ತಾ ಇದ್ದೇವೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ಕೊಡುವುದಿಲ್ಲ ಅಂದರು. ಕೊನೆಗೆ ನಮ್ಮ ಡೇಟಾ ಆದರೂ ಕೊಡಿ ಅಂತ ಹೇಳಿ ಎಕ್ಸೆಲ್ ಫೈಲು ತರಿಸಿಕೊಂಡೆ. ಅದರಲ್ಲಿ ಒಬ್ಬ ಗಿರಾಕಿಗೆ ಒಂದೇ ಅಡ್ರೆಸ್ ಇದೆ. ಉಳಿದದ್ದನ್ನೆಲ್ಲ ಈಗ ಟೆಂಪೋದವರ ಡೆಲಿವರಿ ಚೀಟಿ ಹುಡುಕಿ ಬರೆದುಕೊಳ್ಳುತ್ತಾ ಇದ್ದೇವೆ.